ಸ್ಪೆಕ್ ಬಾಯಿ ಬಿಡದಿದ್ದಾಗ ಸರಿ ಉತ್ತರ ಯಾವುದು? ಟೆಸ್ಟ್ ಒರಾಕಲ್ ಕಟ್ಟುವ ಕ್ರಮ

ಟೆಸ್ಟ್ ಬರೆಯಲು ಕೂತವರು ಮತ್ತೆ ಮತ್ತೆ ಎಡವುವ ಜಾಗ ಒಂದಿದೆ. ಇನ್‌ಪುಟ್ ಸಿದ್ಧವಾಗಿರುತ್ತದೆ, ಪ್ರೋಗ್ರಾಂ ಓಡುತ್ತದೆ, ಉತ್ತರವೂ ಬರುತ್ತದೆ. ಆ ಉತ್ತರ ಸರಿಯೇ ಎಂದು ನೋಡಲು, ಪ್ರೋಗ್ರಾಂ ಏನು ಮಾಡಬೇಕು ಎಂದು ಬರೆದಿಟ್ಟ ಸ್ಪೆಕ್ ತೆರೆದರೆ ಅಲ್ಲಿ ಆ ಮಾತೇ ಇಲ್ಲ. ಇಲ್ಲವೇ ಎರಡು ಕಡೆ ಎರಡು ಥರ ಇದೆ. ಆಗ ಹೆಚ್ಚಿನವರು ಪ್ರೋಗ್ರಾಂ ಕೊಟ್ಟ ಉತ್ತರವನ್ನೇ ತೆಗೆದು ನಿರೀಕ್ಷಿತ ಉತ್ತರದ ಜಾಗದಲ್ಲಿ ಬರೆದುಬಿಡುತ್ತಾರೆ. ಟೆಸ್ಟ್ ಪಾಸಾಗಿ ಹಸಿರಾಗುತ್ತದೆ. ಆದರೆ ಪ್ರೋಗ್ರಾಂ ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿದೆ ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ.

ಉತ್ತರ ಸರಿಯೋ ತಪ್ಪೋ ಎಂದು ಹೇಳುವ ಆಧಾರಕ್ಕೆ ಟೆಸ್ಟ್ ಒರಾಕಲ್ ಎಂದು ಹೆಸರು. ಸ್ಪೆಕ್ ಸ್ಪಷ್ಟವಾಗಿದ್ದರೆ ಅದೇ ಒರಾಕಲ್. ಪ್ರೋಗ್ರಾಂ ಕುಸಿದು ಬಿದ್ದರೆ ಅಥವಾ ಮುಂದೆ ಹೋಗದೆ ಅಲ್ಲೇ ನಿಂತುಬಿಟ್ಟರೆ ಯಾರನ್ನೂ ಕೇಳಬೇಕಾಗಿಲ್ಲ, ಅದು ತಪ್ಪೇ. ಕಷ್ಟ ಇರುವುದು ಇವೆರಡರ ನಡುವೆ. ಅಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ನೋಡೋಣ.

## ನಾವು ಹಿಡಿಯುವ ಉದಾಹರಣೆ

ತಿಂಗಳ ಚಂದಾ ಇರುವ ಒಂದು ಸೇವೆ. ಬಳಕೆದಾರರು ಸೇರಿದ ದಿನ ಮೊದಲ ಹಣ ಕಡಿತವಾಗುತ್ತದೆ, ಆಮೇಲೆ ಚಂದಾ ತಾನಾಗಿಯೇ ನವೀಕರಣವಾಗುತ್ತಾ ಹೋಗುತ್ತದೆ. ನೀವು ಪರೀಕ್ಷಿಸಬೇಕಾದದ್ದು ಒಂದೇ ಫಂಕ್ಷನ್: `nth_renewal(start, n)`. ಸೇರಿದ ದಿನಾಂಕ ಕೊಟ್ಟರೆ n-ನೇ ನವೀಕರಣದ ದಿನಾಂಕ ಹೇಳಬೇಕು.

ಕೈಯಲ್ಲಿರುವ ಕಾಗದಗಳಲ್ಲಿ ಹೀಗಿದೆ:

- ಸ್ಪೆಕ್: "ಚಂದಾ ಪ್ರತಿ ತಿಂಗಳು ಸೇರಿದ ದಿನಾಂಕದಂದೇ ನವೀಕರಣವಾಗುತ್ತದೆ."
- ಸಹಾಯ ಪುಟ: "ನಿಮ್ಮ ಚಂದಾ 30 ದಿನಗಳಿಗೊಮ್ಮೆ ನವೀಕರಣವಾಗುತ್ತದೆ."
- ಸ್ಪೆಕ್‌ನಲ್ಲೇ ಇನ್ನೊಂದು ಕಡೆ: "ನವೀಕರಣಕ್ಕೆ ಸಾಕಷ್ಟು ಮುಂಚೆ ನೆನಪೋಲೆ ಹೋಗಬೇಕು."

ಜನವರಿ 31ಕ್ಕೆ ಸೇರಿದವರ ಬಗ್ಗೆ ಎಲ್ಲೂ ಒಂದು ಮಾತಿಲ್ಲ. ಫೆಬ್ರವರಿಯಲ್ಲಿ 31 ಇಲ್ಲವಲ್ಲ, ಅವರ ನವೀಕರಣ ಯಾವತ್ತು?

## ಬೇಕಾಗುವ ಸಾಮಾನು

ಒಂದು ಕಾಗದ ಅಥವಾ ಖಾಲಿ ಫೈಲ್, ಒಂದು ಕ್ಯಾಲೆಂಡರ್, ನೀವು ಟೆಸ್ಟ್ ಓಡಿಸುವ ಪರಿಸರ, ಮತ್ತು ತೀರ್ಮಾನ ಹೇಳುವ ಅಧಿಕಾರ ಇರುವ ಒಬ್ಬರ ಹೆಸರು. ಕೊನೆಯದು ಗೊತ್ತಿಲ್ಲದಿದ್ದರೆ ಮೊದಲು ಅದನ್ನು ತಿಳಿದುಕೊಳ್ಳಿ. ಅದಿಲ್ಲದೆ ಹಂತ 5ರಲ್ಲಿ ನಿಂತುಹೋಗುತ್ತೀರಿ.

## ಹಂತ 1: ಪ್ರೋಗ್ರಾಂ ಓಡಿಸುವ ಮೊದಲೇ ಪ್ರಶ್ನೆ ಬರೆದಿಡಿ

ಉತ್ತರ ಒಮ್ಮೆ ಕಣ್ಣಿಗೆ ಬಿತ್ತು ಅಂದರೆ ಅದೇ ಸರಿ ಅನ್ನಿಸತೊಡಗುತ್ತದೆ. "ಫೆಬ್ರವರಿ 28 ಅಂತ ಬಂತು, ಹೌದಲ್ವಾ, ಸರಿಯಾಗೇ ಇದೆ" ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಮಾರ್ಚ್ 3 ಎಂದು ಬಂದಿದ್ದರೆ ಅದಕ್ಕೂ ಒಂದು ಕಾರಣ ಹುಡುಕುತ್ತಿತ್ತು. ಹಾಗಾಗಿ ಪ್ರೋಗ್ರಾಂ ಮುಚ್ಚಿಟ್ಟು ಬರೆಯಿರಿ: ಯಾವ ಇನ್‌ಪುಟ್, ಯಾವ ಉತ್ತರ ಬರಬೇಕು, ಹಾಗೆ ಅನ್ನಲು ಯಾವ ಸಾಲು ಆಧಾರ.

ನಮ್ಮ ಉದಾಹರಣೆಯಲ್ಲಿ ಜನವರಿ 15ಕ್ಕೆ ಸೇರಿದವರಿಗೆ ಮೊದಲ ನವೀಕರಣ ಫೆಬ್ರವರಿ 15, ಆಧಾರ ಸ್ಪೆಕ್‌ನ ಸಾಲು. ಜನವರಿ 31ಕ್ಕೆ ಸೇರಿದವರ ಮುಂದೆ ಆಧಾರದ ಜಾಗ ಖಾಲಿ. ಆ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಿ. ಅದೇ ಈ ಹಂತದಲ್ಲಿ ನಿಮಗೆ ಬೇಕಾದದ್ದು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಹಿಂದೆ ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ಇಂಥದ್ದೇ ದಿನಾಂಕದ ಟೆಸ್ಟ್‌ಗಳಿಗೆ ಪ್ರೋಗ್ರಾಂ ಕೊಟ್ಟ ಉತ್ತರಗಳನ್ನೇ ನಕಲು ಮಾಡಿ ಹಾಕಿದ್ದೆ. ಎಷ್ಟೋ ತಿಂಗಳ ನಂತರ ಒಬ್ಬ ಡೆವಲಪರ್ ತಿಂಗಳ ಕೊನೆಯ ಲೆಕ್ಕವನ್ನು ಸರಿಪಡಿಸಿದರು. ನನ್ನ ಟೆಸ್ಟ್ ಕೆಂಪಾಯಿತು. ಟೆಸ್ಟ್ ಹೇಳಿದ್ದೇ ಸರಿ ಎಂದು ನಂಬಿ ಅವರು ತಮ್ಮ ತಿದ್ದುಪಡಿಯನ್ನೇ ವಾಪಸ್ ತೆಗೆದರು. ಬಗ್ ಹಿಡಿಯಬೇಕಾಗಿದ್ದ ಟೆಸ್ಟೇ ಆ ಬಗ್‌ಗೆ ಕಾವಲು ಕೂತಿತ್ತು. ಆ ಟೆಸ್ಟ್ ಇಲ್ಲದಿದ್ದರೇ ಬಳಕೆದಾರರಿಗೆ ಒಳ್ಳೆಯದಿತ್ತು.

## ಹಂತ 2: ಮೌನವೋ, ಮಸುಕೋ, ವಿರೋಧವೋ ಎಂದು ಬೇರ್ಪಡಿಸಿ

ಸ್ಪೆಕ್‌ನಲ್ಲಿ "ಸರಿಯಾಗಿಲ್ಲ" ಅನ್ನುವುದೆಲ್ಲ ಒಂದೇ ಬಗೆಯದಲ್ಲ. 31ರ ಪ್ರಶ್ನೆ ಮೌನ, ಯಾರೂ ಏನೂ ಹೇಳಿಲ್ಲ. "ಸಾಕಷ್ಟು ಮುಂಚೆ" ಮಸುಕು, ಹೇಳಿದ್ದಾರೆ ಆದರೆ ಅಳತೆ ಇಲ್ಲ. "ಪ್ರತಿ ತಿಂಗಳು" ಮತ್ತು "30 ದಿನಗಳಿಗೊಮ್ಮೆ" ವಿರೋಧ.

ಬಿಡಿಸುವ ಕ್ರಮ ಮುಖ್ಯ. ಮೊದಲು ವಿರೋಧ, ಆಮೇಲೆ ಮೌನ. ಯಾಕೆಂದರೆ ವಿರೋಧ ಬಿಡಿಸಿದ ಮೇಲೆ ಕೆಲವು ಮೌನಗಳು ತಾವಾಗಿಯೇ ಮಾಯವಾಗುತ್ತವೆ. ನಾಳೆ "30 ದಿನ" ಎಂದು ತೀರ್ಮಾನವಾದರೆ ಫೆಬ್ರವರಿಯ 31ರ ಪ್ರಶ್ನೆ ಉಳಿಯುವುದೇ ಇಲ್ಲ. ಯಾವ ದಿನಾಂಕಕ್ಕಾದರೂ 30 ಕೂಡಿಸಬಹುದು. ಈ ಕ್ರಮ ತಪ್ಪಿಸಿ 31ರ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡಿ, ಕೊನೆಗೆ ಆ ಪ್ರಶ್ನೆಯೇ ಬೇಡವಾಗಿತ್ತು ಎಂದು ತಿಳಿಯುವುದು ತುಂಬಾ ಸಾಮಾನ್ಯ. ಮಸುಕಿನದ್ದು ಬೇರೆಯದೇ ದಾರಿ, ಅದಕ್ಕೆ ಹಂತ 7ರಲ್ಲಿ ಬರುತ್ತೇನೆ.

## ಹಂತ 3: ಸುಳಿವುಗಳನ್ನು ಕೂಡಿಸಿ, ತೂಕ ಹಾಕಿ

ಸ್ಪೆಕ್ ಮೌನವಾಗಿದ್ದರೂ ಸುತ್ತಮುತ್ತ ಸುಳಿವು ಇರುತ್ತದೆ. ಎಲ್ಲಕ್ಕೂ ಒಂದೇ ತೂಕ ಕೊಡಬೇಡಿ. ನಾನು ತೂಗುವ ಕ್ರಮ ಹೀಗೆ.

ಎಲ್ಲಕ್ಕಿಂತ ಮೇಲೆ, ಹಣ ಕೊಡುವ ಕ್ಷಣದಲ್ಲಿ ಬಳಕೆದಾರರ ಕಣ್ಣ ಮುಂದೆ ಇದ್ದ ಮಾತು. ಪಾವತಿ ಪರದೆಯಲ್ಲಿ "ತಿಂಗಳಿಗೆ" ಎಂದು ಇದ್ದರೆ ಅವರು ಒಪ್ಪಿದ್ದು ಅದನ್ನೇ. ಆಮೇಲೆ ಸ್ಪೆಕ್. ಆಮೇಲೆ ಸಹಾಯ ಪುಟ. ಆಮೇಲೆ ಹಳೆಯ ಆವೃತ್ತಿ ಹೇಗೆ ನಡೆದುಕೊಳ್ಳುತ್ತಿತ್ತು ಅನ್ನುವುದು. ಕೊನೆಗೆ ಇಂಥದ್ದೇ ಬೇರೆ ಸೇವೆಗಳ ರೂಢಿ. "ಹೊಸದಾಗಿ ಬರೆದ ಕಾಗದವೇ ಸರಿ" ಎಂದು ತಾರೀಖು ನೋಡಿ ನಿರ್ಧರಿಸಬೇಡಿ. ಸಹಾಯ ಪುಟ ಹೊಸದಾಗಿರಬಹುದು, ಆದರೆ ಅದನ್ನು ಬರೆದವರು ಓದುಗರಿಗೆ ಸುಲಭವಾಗಲಿ ಎಂದು ತಿಂಗಳನ್ನೇ "30 ದಿನ" ಎಂದಿರಲೂಬಹುದು.

ಒಂದನ್ನು ಮಾತ್ರ ತೂಕಕ್ಕೇ ಹಾಕಬೇಡಿ: ಲೈಬ್ರರಿ ಏನು ಮಾಡುತ್ತದೆ ಅನ್ನುವುದು. ಜನವರಿ 31, 2023ಕ್ಕೆ ಒಂದು ತಿಂಗಳು ಕೂಡಿಸಿ ನೋಡಿ. ಜಾವಾದ `LocalDate.plusMonths(1)` ಫೆಬ್ರವರಿ 28 ಕೊಡುತ್ತದೆ. ಪೋಸ್ಟ್‌ಗ್ರೆಸ್‌ನ `interval '1 month'` ಕೂಡ ಅದನ್ನೇ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನ `setMonth` ಮಾರ್ಚ್ 3 ಕೊಡುತ್ತದೆ. ಪಿಎಚ್‌ಪಿಯ `+1 month` ಕೂಡ ಮಾರ್ಚ್ 3. ಮೊದಲಿನವೆರಡೂ ದಿನಾಂಕವನ್ನು ತಿಂಗಳ ಕೊನೆಗೆ ಹಿಡಿದು ನಿಲ್ಲಿಸುತ್ತವೆ, ಉಳಿದೆರಡು ಮಿಕ್ಕ ದಿನಗಳನ್ನು ಮುಂದಿನ ತಿಂಗಳಿಗೆ ಸುರಿಯುತ್ತವೆ. ಯಾವುದೂ ಬಗ್ ಅಲ್ಲ, ಅವು ಹಾಗೆ ಇರಬೇಕೆಂದೇ ಮಾಡಿದವು. ಆದರೆ ನಿಮ್ಮ ಬಳಕೆದಾರರಿಗೆ ಯಾವಾಗ ಹಣ ಕಡಿತವಾಗಬೇಕು ಎಂದು ಆ ಲೈಬ್ರರಿ ಬರೆದವರಿಗೆ ಗೊತ್ತಿರಲಿಲ್ಲ.

## ಹಂತ 4: ಆಗಬಹುದಾದ ಉತ್ತರಗಳನ್ನೆಲ್ಲ ಕೈಯಾರೆ ಲೆಕ್ಕ ಹಾಕಿ

ಈಗ ಕ್ಯಾಲೆಂಡರ್ ತೆಗೆಯಿರಿ. ಜನವರಿ 31, 2023ಕ್ಕೆ ಸೇರಿದವರಿಗೆ ಮೊದಲ ನಾಲ್ಕು ನವೀಕರಣಗಳು ಪ್ರತಿ ವ್ಯಾಖ್ಯಾನದಲ್ಲಿ ಹೇಗೆ ಬರುತ್ತವೆ ಎಂದು ಬರೆಯಿರಿ. ಒಂದೇ ದಿನಾಂಕ ಸಾಲದು, ಸರಣಿ ಬೇಕು. ವ್ಯತ್ಯಾಸ ಕಾಣುವುದು ಎರಡನೆಯದರಿಂದ.

| ವ್ಯಾಖ್ಯಾನ | 1ನೇ | 2ನೇ | 3ನೇ | 4ನೇ |
|---|---|---|---|---|
| ಅ. ತಿಂಗಳ ಕೊನೆಗೆ ಹಿಡಿ, ಸೇರಿದ ದಿನದಿಂದ ಎಣಿಸು | ಫೆ. 28 | ಮಾ. 31 | ಏ. 30 | ಮೇ 31 |
| ಆ. ತಿಂಗಳ ಕೊನೆಗೆ ಹಿಡಿ, ಹಿಂದಿನ ನವೀಕರಣದಿಂದ ಎಣಿಸು | ಫೆ. 28 | ಮಾ. 28 | ಏ. 28 | ಮೇ 28 |
| ಇ. ಮುಂದಿನ ತಿಂಗಳಿಗೆ ಸುರಿ, ಸೇರಿದ ದಿನದಿಂದ ಎಣಿಸು | ಮಾ. 3 | ಮಾ. 31 | ಮೇ 1 | ಮೇ 31 |
| ಈ. 30 ದಿನ ಕೂಡಿಸು | ಮಾ. 2 | ಏ. 1 | ಮೇ 1 | ಮೇ 31 |

ಈ ಪಟ್ಟಿ ಬರೆಯುವವರೆಗೂ ಅ ಮತ್ತು ಆ ಬೇರೆ ಬೇರೆ ಎಂದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮೊದಲ ನವೀಕರಣ ಎರಡರಲ್ಲೂ ಫೆಬ್ರವರಿ 28. ಆದರೆ ಆ-ದಲ್ಲಿ ಬಳಕೆದಾರರು ಒಮ್ಮೆ 28ಕ್ಕೆ ಇಳಿದರೆ ಮತ್ತೆ 31ಕ್ಕೆ ಏರುವುದೇ ಇಲ್ಲ. n ಒಂದಕ್ಕೆ ಮಾತ್ರ ಟೆಸ್ಟ್ ಬರೆದವರಿಗೆ ಈ ತಪ್ಪು ಎಂದೂ ಸಿಗುವುದಿಲ್ಲ.

ಪ್ರತಿ ಸಾಲಿನ ಮುಂದೆ ಬಳಕೆದಾರರಿಗೆ ಏನಾಗುತ್ತದೆ ಎಂದೂ ಬರೆಯಿರಿ. ಇ-ದಲ್ಲಿ ಫೆಬ್ರವರಿಯಲ್ಲಿ ಕಡಿತವೇ ಇಲ್ಲ, ಮಾರ್ಚ್‌ನಲ್ಲಿ ಎರಡು ಸಲ. ಈ-ದಲ್ಲಿ 12ನೇ ನವೀಕರಣ ಜನವರಿ 26, 2024ಕ್ಕೆ ಬೀಳುತ್ತದೆ, ಅಂದರೆ ಸೇರಿ ಒಂದು ವರ್ಷ ತುಂಬುವುದಕ್ಕೆ ಮುಂಚೆಯೇ ಅವರು 13 ಸಲ ಹಣ ಕೊಟ್ಟಿರುತ್ತಾರೆ. ಹೀಗೆ ಬರೆದರೆ ಕೋಡ್ ಓದದವರಿಗೂ ಪ್ರಶ್ನೆ ಅರ್ಥವಾಗುತ್ತದೆ. ಮುಂದಿನ ಹಂತಕ್ಕೆ ಇದೇ ಬೇಕು.

## ಹಂತ 5: ಸರಿಯಾದವರಿಗೆ, ಆಯ್ಕೆ ಮಾಡುವಂಥ ಪ್ರಶ್ನೆ ಕೇಳಿ

"31ಕ್ಕೆ ಸೇರಿದವರಿಗೆ ಏನು ಮಾಡಬೇಕು?" ಎಂದು ಕೇಳಿದರೆ "ಸ್ಪೆಕ್‌ನಲ್ಲಿ ಇರುವ ಹಾಗೆ ಮಾಡಿ" ಎಂದೇ ಉತ್ತರ ಬರುತ್ತದೆ. ಡೆವಲಪರ್‌ನ ಕೇಳಿದರೆ ಅವರು ಕೋಡ್ ನೋಡಿ ಹೇಳುತ್ತಾರೆ. ಅವರದ್ದು ತಪ್ಪಲ್ಲ, ಆದರೆ ಆಗ ನೀವು ಪ್ರೋಗ್ರಾಂನ ಉತ್ತರವನ್ನೇ ಇನ್ನೊಬ್ಬರ ಬಾಯಿಂದ ಕೇಳಿದಂತಾಯಿತು. ಕೇಳಬೇಕಾದದ್ದು ಹಣದ ವಿಷಯದಲ್ಲಿ ತೀರ್ಮಾನ ಹೇಳಬಲ್ಲವರನ್ನು. ಸಾಮಾನ್ಯವಾಗಿ ಅದು ಪ್ರಾಡಕ್ಟ್ ಓನರ್.

ನಾನು ಬರೆಯುವುದು ಹೀಗೆ:

> ನಮಸ್ಕಾರ ಮೇಡಂ, ಎರಡು ವಿಷಯಕ್ಕೆ ನಿಮ್ಮ ತೀರ್ಮಾನ ಬೇಕು. ಒಂದು, ಸ್ಪೆಕ್‌ನಲ್ಲಿ "ಪ್ರತಿ ತಿಂಗಳು" ಎಂದಿದೆ, ಸಹಾಯ ಪುಟದಲ್ಲಿ "30 ದಿನಗಳಿಗೊಮ್ಮೆ" ಎಂದಿದೆ. 30 ದಿನ ಎಂದಾದರೆ ವರ್ಷದೊಳಗೆ 13 ಸಲ ಕಡಿತವಾಗುತ್ತದೆ. ಯಾವುದು ಇಟ್ಟುಕೊಳ್ಳೋಣ? ಎರಡು, "ಪ್ರತಿ ತಿಂಗಳು" ಎಂದಾದರೆ, ಜನವರಿ 31ಕ್ಕೆ ಸೇರಿದವರಿಗೆ ಫೆಬ್ರವರಿ 28ಕ್ಕೆ ಕಡಿತವಾದ ಮೇಲೆ ಮುಂದಿನದು ಮಾರ್ಚ್ 31ಕ್ಕೋ, ಮಾರ್ಚ್ 28ಕ್ಕೋ? ಸೇರಿದ ದಿನಾಂಕಕ್ಕೆ ಹತ್ತಿರ ಇರುತ್ತದೆ ಎಂದು ನನಗೆ 31 ಸರಿ ಅನ್ನಿಸುತ್ತದೆ. ನಿಮ್ಮ ಉತ್ತರ ಬರುವವರೆಗೆ ಈ ಎರಡು ಟೆಸ್ಟ್‌ಗಳನ್ನು ತಾತ್ಕಾಲಿಕ ಎಂದು ಗುರುತು ಹಾಕಿರುತ್ತೇನೆ.

ಇದರಲ್ಲಿ ಆಯ್ಕೆ ಇದೆ, ಪರಿಣಾಮ ಇದೆ, ನಿಮ್ಮ ಅಭಿಪ್ರಾಯ ಇದೆ. ಉತ್ತರಿಸಲು ಎರಡು ಪದ ಸಾಕು. ಬಾಯಿಮಾತಿನಲ್ಲಿ ಉತ್ತರ ಬಂದರೆ ಅದನ್ನೇ ಬರೆದು ವಾಪಸ್ ಕಳಿಸಿ, "ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ಸರಿಯೇ?" ಎಂದು ಕೇಳಿಕೊಳ್ಳಿ.

## ಹಂತ 6: ಉತ್ತರ ಬರುವವರೆಗೆ, ತೀರ್ಮಾನ ಬೇಡದ ಟೆಸ್ಟ್‌ಗಳನ್ನು ಬರೆಯಿರಿ

ಹೆಚ್ಚಿನವರು ಇಲ್ಲಿ ಕೈಕಟ್ಟಿ ಕೂರುತ್ತಾರೆ. ಆದರೆ ಸರಿ ಉತ್ತರ ಯಾವುದು ಎಂದು ಗೊತ್ತಿಲ್ಲದೆಯೂ ತಪ್ಪು ಉತ್ತರವನ್ನು ಹಿಡಿಯಬಹುದು. ಒಂದು ಉತ್ತರವನ್ನು ಒಂಟಿಯಾಗಿ ನೋಡುವ ಬದಲು ಎರಡು ಉತ್ತರಗಳ ನಡುವಿನ ಸಂಬಂಧ ನೋಡಿ. ಇದಕ್ಕೆ ಮೆಟಾಮಾರ್ಫಿಕ್ ಟೆಸ್ಟಿಂಗ್ ಎನ್ನುತ್ತಾರೆ.

ನಮ್ಮಲ್ಲಿ ಯಾರೂ ತಕರಾರು ಮಾಡದ ಸಂಬಂಧ ಒಂದಿದೆ. ಒಬ್ಬರು ಮೊದಲು ಸೇರಿದರು, ಇನ್ನೊಬ್ಬರು ಮಾರನೆಯ ದಿನ ಸೇರಿದರು. ಮೊದಲು ಸೇರಿದವರ ನವೀಕರಣ ಆಮೇಲೆ ಸೇರಿದವರದ್ದಕ್ಕಿಂತ ತಡವಾಗಬಾರದು. ಒಂದೇ ದಿನ ಬಂದರೆ ಪರವಾಗಿಲ್ಲ.

```python
from datetime import date, timedelta

def test_order_kept():
    a = date(2023, 1, 1)
    while a < date(2025, 1, 1):
        b = a + timedelta(days=1)
        for n in range(1, 13):
            assert nth_renewal(a, n) <= nth_renewal(b, n), (a, b, n)
        a = b
```

2024 ಅಧಿಕ ವರ್ಷ, ಅದೂ ಒಳಗೆ ಬರಲಿ ಎಂದೇ ಎರಡು ವರ್ಷ ತೆಗೆದುಕೊಂಡಿದ್ದೇನೆ. ಈಗ ಹಂತ 4ರ ನಾಲ್ಕು ವ್ಯಾಖ್ಯಾನಗಳನ್ನು ಇದರ ಮೇಲೆ ಇಟ್ಟು ನೋಡಿ. ಅ, ಆ, ಈ ಮೂರೂ ಪಾಸ್. ಇ ಮಾತ್ರ ಬೀಳುತ್ತದೆ: ಜನವರಿ 31ಕ್ಕೆ ಸೇರಿದವರಿಗೆ ಮಾರ್ಚ್ 3, ಫೆಬ್ರವರಿ 1ಕ್ಕೆ ಸೇರಿದವರಿಗೆ ಮಾರ್ಚ್ 1. ಮೊದಲು ಬಂದವರು ಹಿಂದಾದರು. ಪ್ರಾಡಕ್ಟ್ ಓನರ್ ಇನ್ನೂ ಪತ್ರ ತೆರೆದಿಲ್ಲ, ಅಷ್ಟರಲ್ಲೇ ನಾಲ್ಕರಲ್ಲಿ ಒಂದು ಹೊರಬಿತ್ತು.

ಎಲ್ಲ ಸಂಬಂಧವೂ ಇಷ್ಟು ಹರಿತವಾಗಿ ಇರುವುದಿಲ್ಲ. "ಎರಡು ನವೀಕರಣಗಳ ನಡುವೆ 28ರಿಂದ 31 ದಿನ ಇರಬೇಕು" ಎಂಬುದು ಮೊದಲು ಎಲ್ಲರಿಗೂ ಹೊಳೆಯುವ ಟೆಸ್ಟ್. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ: ಜನವರಿ 31ರಿಂದ ಮಾರ್ಚ್ 3ಕ್ಕೆ 31 ದಿನ. ಮಾರ್ಚ್ 3ರಿಂದ 31ಕ್ಕೆ 28 ದಿನ. ಮಾರ್ಚ್‌ನಲ್ಲಿ ಎರಡು ಸಲ ಹಣ ಕಿತ್ತ ಲೆಕ್ಕವೂ ಆರಾಮಾಗಿ ಪಾಸಾಗುತ್ತದೆ. ಆ ಟೆಸ್ಟ್ ಇರಲಿ, ಬೇಡ ಅನ್ನುವುದಿಲ್ಲ. ಅದನ್ನು ನಂಬಿ ಕೂರಬೇಡಿ ಅಷ್ಟೇ.

ಇನ್ನೊಂದು ಬಲೆ ಇದೆ. "ಒಂದು ತಿಂಗಳನ್ನು ಎರಡು ಸಲ ಕೂಡಿಸಿದರೂ ಎರಡು ತಿಂಗಳನ್ನು ಒಮ್ಮೆ ಕೂಡಿಸಿದರೂ ಒಂದೇ ಬರಬೇಕು" ಎಂಬ ಸಂಬಂಧ ಸಹಜ ಅನ್ನಿಸುತ್ತದೆ, ಅಲ್ವಾ? ಜಾವಾದಲ್ಲಿ `plusMonths(1)` ಎರಡು ಸಲ ಹಾಕಿದರೆ ಜನವರಿ 31 ಮಾರ್ಚ್ 28 ಆಗುತ್ತದೆ, `plusMonths(2)` ಹಾಕಿದರೆ ಮಾರ್ಚ್ 31. ಅಂದರೆ ಈ ಸಂಬಂಧ ಎಲ್ಲರೂ ಒಪ್ಪುವ ಸತ್ಯ ಅಲ್ಲ. ಅ ಮತ್ತು ಆ ನಡುವೆ ಆಯ್ಕೆ ಆಗದೆ ಅದನ್ನು ಟೆಸ್ಟ್ ಮಾಡಿದರೆ, ನೀವೇ ಯಾರಿಗೂ ಹೇಳದೆ ತೀರ್ಮಾನ ಮಾಡಿದಂತೆ. ಯಾವ ಸಂಬಂಧ ಬರೆದರೂ ಹಂತ 4ರ ಪಟ್ಟಿಯ ಪ್ರತಿ ಸಾಲಿನ ಮೇಲೆ ಹಿಡಿದು ನೋಡಿ. ಒಂದು ಸಾಲು ಬಿದ್ದರೆ ಯಾಕೆ ಬಿತ್ತು ಎಂದು ಕೇಳಿಕೊಳ್ಳಿ: ಅದು ನಿಜಕ್ಕೂ ಅನ್ಯಾಯವೋ, ಬರೀ ನಿಮಗೆ ಇಷ್ಟವಿಲ್ಲದ ಆಯ್ಕೆಯೋ?

## ಹಂತ 7: ಮಸುಕಾದ ಮಾತಿಗೆ ಎರಡೂ ತುದಿ ಹಿಡಿಯಿರಿ

"ಸಾಕಷ್ಟು ಮುಂಚೆ" ಅಂದರೆ ಎಷ್ಟು ಎಂದು ಗೊತ್ತಿಲ್ಲ. ಆದರೆ ಹಣ ಕಡಿತವಾದ ಮೇಲೆ ನೆನಪೋಲೆ ಹೋದರೆ ಅದು ಖಂಡಿತ ತಪ್ಪು. ಕಡಿತಕ್ಕೆ ಒಂದು ನಿಮಿಷ ಮುಂಚೆ ಹೋದರೂ ತಪ್ಪೇ, ರದ್ದು ಮಾಡಲು ಯಾರಿಗೂ ಸಮಯ ಇರುವುದಿಲ್ಲ. ಇನ್ನೊಂದು ತುದಿಯಲ್ಲಿ, ಹಿಂದಿನ ನವೀಕರಣ ಆಗುವ ಮೊದಲೇ ಮುಂದಿನದ್ದರ ನೆನಪೋಲೆ ಬಂದರೆ ಅದೂ ತಪ್ಪು. ಈ ತುದಿಗಳಿಗೆ ಇವತ್ತೇ ಟೆಸ್ಟ್ ಬರೆಯಿರಿ. ನಡುವಿನ ಭಾಗವನ್ನು ಮುಟ್ಟಬೇಡಿ.

ಅಂಕಿ ಬಂದ ಮೇಲೂ ಒಂದು ಸಲ ಕೇಳಿ. "3 ದಿನ ಮುಂಚೆ" ಎಂದರೆ 72 ಗಂಟೆಯೋ, ಕ್ಯಾಲೆಂಡರ್‌ನ 3 ದಿನವೋ? ಫೆಬ್ರವರಿ 28ರ ಬೆಳಿಗ್ಗೆ ಕಡಿತವಾಗುವುದಾದರೆ 25ರ ರಾತ್ರಿ ಹೋದ ನೆನಪೋಲೆ ಒಂದರ ಪ್ರಕಾರ ತಡ, ಇನ್ನೊಂದರ ಪ್ರಕಾರ ಸರಿ. ಮಸುಕು ಅಂಕಿಯ ಒಳಗೂ ಅಡಗಿ ಕೂತಿರುತ್ತದೆ.

## ಹಂತ 8: ತೀರ್ಮಾನ ಬಂದ ಮೇಲೆ ಬೇರೆ ದಾರಿಯ ಲೆಕ್ಕ ಬರೆಯಿರಿ

"ಪ್ರತಿ ತಿಂಗಳು, ತಿಂಗಳ ಕೊನೆಗೆ ಹಿಡಿ, ಸೇರಿದ ದಿನದಿಂದ ಎಣಿಸು" ಎಂದು ಉತ್ತರ ಬಂತು ಎಂದುಕೊಳ್ಳಿ. ಅಂದರೆ ಅ. ಈಗ ನಿಖರ ಉತ್ತರ ಕೊಡುವ ಒರಾಕಲ್ ಕಟ್ಟಬಹುದು. ನಿಯಮ ಒಂದೇ: ಪ್ರೋಗ್ರಾಂ ಬಳಸಿದ ಲೈಬ್ರರಿಯನ್ನು ನೀವು ಬಳಸಬೇಡಿ. ಬಳಸಿದರೆ ಇಬ್ಬರೂ ಒಂದೇ ತಪ್ಪು ಮಾಡಿ ಒಬ್ಬರಿಗೊಬ್ಬರು ಸಾಕ್ಷಿ ಹೇಳುತ್ತಾರೆ.

```python
from calendar import isleap
DAYS = [31, 28, 31, 30, 31, 30, 31, 31, 30, 31, 30, 31]

def expected(y, m, d, n):
    k = m - 1 + n
    y, m = y + k // 12, k % 12
    last = 29 if m == 1 and isleap(y) else DAYS[m]
    return y, m + 1, min(d, last)
```

ಈ ಲೆಕ್ಕವನ್ನೂ ಕುರುಡಾಗಿ ನಂಬಬೇಡಿ. ಹಂತ 4ರಲ್ಲಿ ಕೈಯಾರೆ ಬರೆದ ಅ ಸಾಲಿನ ಜೊತೆ ಹೋಲಿಸಿ. ಎರಡೂ ಕೂಡಿದರೆ ಮುಂದೆ ಹೋಗಿ. ಕೂಡದಿದ್ದರೆ ಪ್ರೋಗ್ರಾಂನ ಉತ್ತರ ನೋಡಿ ಇದನ್ನು ತಿದ್ದಬೇಡಿ, ಕ್ಯಾಲೆಂಡರ್ ನೋಡಿ ತಿದ್ದಿ.

## ಹಂತ 9: ಒರಾಕಲ್ ಹಿಡಿಯುತ್ತದೆಯೇ ಎಂದು ಬೇಕೆಂದೇ ತಪ್ಪು ಹಾಕಿ ನೋಡಿ

ಟೆಸ್ಟ್‌ಗಳೆಲ್ಲ ಹಸಿರಾದ ಕೂಡಲೇ ಕೆಲಸ ಮುಗಿಯಿತು ಅನ್ನಬೇಡಿ. ಫಂಕ್ಷನ್‌ನ ಒಂದು ಪ್ರತಿ ತೆಗೆದು ಅದರಲ್ಲಿ ಒಂದೊಂದಾಗಿ ತಪ್ಪು ಹಾಕಿ. ನಾನು ಹಾಕುವುದು ನಾಲ್ಕು: ಮುಂದಿನ ತಿಂಗಳಿಗೆ ಸುರಿಯುವುದು, ಹಿಂದಿನ ನವೀಕರಣದಿಂದ ಎಣಿಸುವುದು, ಪ್ರತಿ ಸಲ ಒಂದು ದಿನ ಜಾಸ್ತಿ ಮಾಡುವುದು, ಅಧಿಕ ವರ್ಷವನ್ನು ಮರೆಯುವುದು.

ಫಲಿತಾಂಶ ನೋಡಿದರೆ ಕಣ್ಣು ತೆರೆಯುತ್ತದೆ. ಹಂತ 6ರ ಕ್ರಮದ ಟೆಸ್ಟ್ ಮೊದಲನೆಯದನ್ನು ಮಾತ್ರ ಹಿಡಿಯುತ್ತದೆ. ಒಂದು ದಿನ ಜಾಸ್ತಿ ಮಾಡಿದರೆ ಎಲ್ಲರಿಗೂ ಒಂದೇ ಸಮ ಜಾಸ್ತಿಯಾಗುತ್ತದೆ, ಕ್ರಮ ಕೆಡುವುದೇ ಇಲ್ಲ. ಆದ್ದರಿಂದ ಸಂಬಂಧದ ಟೆಸ್ಟ್ ಒಂದೇ ಸಾಕು ಎಂದು ನಿಲ್ಲಿಸಬಾರದು.

"ತಿಂಗಳು" ಎಂದು ತೀರ್ಮಾನವಾದ ಮೇಲೆ ಸ್ಪೆಕ್‌ನ ಸಾಲಿನಿಂದಲೇ ಇನ್ನೊಂದು ಟೆಸ್ಟ್ ಹುಟ್ಟುತ್ತದೆ: ಸೇರಿದ ದಿನಾಂಕ ಆ ತಿಂಗಳಲ್ಲಿ ಇದ್ದರೆ ನವೀಕರಣ ಅದೇ ದಿನಾಂಕಕ್ಕೆ ಆಗಬೇಕು. ಇದು ಉಳಿದ ಮೂರನ್ನೂ ಹಿಡಿಯುತ್ತದೆ. ಮಾರ್ಚ್‌ನಲ್ಲಿ 31 ಇದೆ, ಹಾಗಾಗಿ ಮಾರ್ಚ್ 28 ಕೊಟ್ಟ ಲೆಕ್ಕ ಬೀಳುತ್ತದೆ. ಒಂದು ದಿನ ಜಾಸ್ತಿ ಮಾಡಿದ್ದು ಮೊದಲ ಇನ್‌ಪುಟ್‌ಗೇ ಬೀಳುತ್ತದೆ. ಅಧಿಕ ವರ್ಷ ಮರೆತದ್ದು ಜನವರಿ 29, 2024ಕ್ಕೆ ಸೇರಿದವರಲ್ಲಿ ಸಿಕ್ಕಿಬೀಳುತ್ತದೆ. ಆ ಒಂದು ಇನ್‌ಪುಟ್ ಇಲ್ಲದೆ, ಬರೀ 31ರ ಇನ್‌ಪುಟ್ ಇಟ್ಟುಕೊಂಡರೆ ಈ ಟೆಸ್ಟ್‌ಗೂ ಸಿಗುವುದಿಲ್ಲ. ಫೆಬ್ರವರಿಯಲ್ಲಿ 31 ಎಂದೂ ಇಲ್ಲವಲ್ಲ.

ಹಾಕಿದ ತಪ್ಪು ಯಾವ ಟೆಸ್ಟ್‌ಗೂ ಸಿಗದಿದ್ದರೆ ಅಲ್ಲಿ ನಿಮ್ಮ ಒರಾಕಲ್ ಕುರುಡು. ಹೊಸ ಟೆಸ್ಟ್ ಬೇಕೋ, ಹೊಸ ಇನ್‌ಪುಟ್ ಬೇಕೋ ನೋಡಿ.

## ಎಚ್ಚರಿಕೆಯ ಗುರುತುಗಳು

ಕೆಲಸದ ನಡುವೆ ಇವು ಕಂಡರೆ ನಿಂತು ಒಂದು ಹಂತ ಹಿಂದೆ ಹೋಗಿ.

ಟೆಸ್ಟ್ ಕೆಂಪಾದಾಗಲೆಲ್ಲ ನಿರೀಕ್ಷಿತ ಉತ್ತರ ಬದಲಾಗುತ್ತಿದೆ. ಫೈಲ್‌ನ ಇತಿಹಾಸ ತೆಗೆದು ನೋಡಿ. ಕೋಡ್ ಬದಲಾದ ದಿನವೇ ಅಂಕಿಗಳೂ ಬದಲಾಗಿವೆ, ಕಾರಣ ಬರೆದಿಲ್ಲ ಎಂದಾದರೆ ಅಲ್ಲಿ ಒರಾಕಲ್ ಇಲ್ಲ, ಕನ್ನಡಿ ಇದೆ.

"ಒಂದು ದಿನ ಆಚೀಚೆ ಆದರೂ ಪರವಾಗಿಲ್ಲ" ಎಂಬ ಸಡಿಲಿಕೆ ನುಸುಳಿದೆ. ಸಡಿಲಿಕೆ ಇರಬಾರದು ಎಂದಲ್ಲ. ಅಳತೆಯ ಲೆಕ್ಕದಲ್ಲಿ, ದಶಾಂಶದ ಲೆಕ್ಕದಲ್ಲಿ ಅದು ಬೇಕು. ಆದರೆ ಎಷ್ಟು, ಯಾಕೆ ಎಂದು ಮೊದಲೇ ಹೇಳಿರಬೇಕು. ಟೆಸ್ಟ್ ಪಾಸಾಗಲಿ ಎಂದು ಆಮೇಲೆ ಸೇರಿಸಿದ ಸಡಿಲಿಕೆ ಹಂತ 9ರ ಮೂರನೇ ತಪ್ಪನ್ನು ಸಲೀಸಾಗಿ ಒಳಗೆ ಬಿಡುತ್ತದೆ.

ಆಧಾರದ ಜಾಗದಲ್ಲಿ "ಹೀಗೇ ಇರಬೇಕು" ಎಂದಿದೆ. ಇದನ್ನು ಯಾರು, ಎಲ್ಲಿ ಹೇಳಿದರು ಎಂದು ಒಂದು ಸಾಲಿನಲ್ಲಿ ಹೇಳಲಾಗದಿದ್ದರೆ ಅದು ಊಹೆ. ಊಹೆ ಇರಬಹುದು, ಆದರೆ ಊಹೆ ಎಂದೇ ಬರೆದಿರಲಿ.

## ಹಂತ 10: ತೀರ್ಮಾನವನ್ನು ಟೆಸ್ಟ್ ಪಕ್ಕದಲ್ಲೇ ಬರೆದಿಡಿ

ಬೇರೆ ಎಲ್ಲೋ ಬರೆದರೆ ಯಾರೂ ಓದುವುದಿಲ್ಲ. ಟೆಸ್ಟ್‌ನ ಮೇಲೆ ಮೂರು ಸಾಲು ಸಾಕು: ಪ್ರಶ್ನೆ ಏನಿತ್ತು, ಏನು ತೀರ್ಮಾನವಾಯಿತು, ಯಾರು ಯಾವತ್ತು ಹೇಳಿದರು. ಬಿಟ್ಟುಕೊಟ್ಟ ಆಯ್ಕೆಗಳನ್ನೂ ಒಂದು ಸಾಲು ಬರೆಯಿರಿ. ಮುಂದೆ ಬಂದವರು "ಮಾರ್ಚ್ 28 ಯಾಕಲ್ಲ?" ಎಂದು ಕೇಳಿದಾಗ ಅದು ಮರೆತದ್ದಲ್ಲ, ಬೇಡವೆಂದು ಬಿಟ್ಟದ್ದು ಎಂದು ತಿಳಿಯುತ್ತದೆ.

ತಾತ್ಕಾಲಿಕ ಎಂದು ಗುರುತು ಹಾಕಿದ ಟೆಸ್ಟ್‌ಗಳಿಗೆ ಒಂದು ಲೇಬಲ್ ಕೊಡಿ, ಹುಡುಕಿದರೆ ಎಲ್ಲ ಒಟ್ಟಿಗೆ ಸಿಗುವ ಹಾಗೆ. ಪ್ರತಿ ಬಿಡುಗಡೆಗೆ ಮುಂಚೆ ಆ ಪಟ್ಟಿ ತೆಗೆದು ಉತ್ತರ ಬಂದಿದೆಯೇ ನೋಡಿ. ಬಂದಿದ್ದರೆ ಲೇಬಲ್ ತೆಗೆಯಿರಿ. ಬಂದಿಲ್ಲದಿದ್ದರೆ ಹಂತ 5ರ ಪತ್ರವನ್ನೇ ಮತ್ತೆ ಕಳಿಸಿ, ಈ ಸಲ ಬಿಡುಗಡೆಯ ದಿನಾಂಕವನ್ನೂ ಸೇರಿಸಿ. ಸಹಾಯ ಪುಟದಲ್ಲಿನ "30 ದಿನಗಳಿಗೊಮ್ಮೆ" ಎಂಬ ಸಾಲನ್ನು ತಿದ್ದಿಸಲು ಮರೆಯಬೇಡಿ. ಅದು ಹಾಗೇ ಉಳಿದರೆ ಮುಂದಿನ ಟೆಸ್ಟರ್ ಇದೇ ಪ್ರಶ್ನೆಯನ್ನು ಮೊದಲಿನಿಂದ ಕೇಳುತ್ತಾರೆ, ಮಾರ್ಚ್ 2ಕ್ಕೆ ಹಣ ಹೋಗುತ್ತದೆ ಎಂದು ನಂಬಿದ್ದ ಬಳಕೆದಾರರು ಫೆಬ್ರವರಿ 28ಕ್ಕೇ ಕರೆ ಮಾಡುತ್ತಾರೆ.